ಬಿನ್ನವತ್ತಳೆಗೆ ‘ಭ’ ಬರುತ್ತಾ? ಫ್ರೇಮ್ ಹಾಕ್ಸೋಕೆ ಮುಂಚೆ ಹೇಳಿ ಪ್ಲೀಸ್

ಸುಮಾ_ತಿಪಟೂರು:
ಎಲ್ರಿಗೂ ನಮಸ್ಕಾರ. ನಮ್ಗೆ ಪ್ರೈಮರಿಲಿ ಪಾಠ ಹೇಳಿದ ಮೇಷ್ಟ್ರು ಈ ತಿಂಗ್ಳ 31ಕ್ಕೆ ರಿಟೈರ್ ಆಗ್ತಿದಾರೆ. ಹಳೇ ಸ್ಟೂಡೆಂಟ್ಸ್ ಎಲ್ಲ ಸೇರಿ ಶಾಲು, ಹಾರದ ಜೊತೆ ಒಂದು ಬಿನ್ನವತ್ತಳೆ ಫ್ರೇಮ್ ಹಾಕ್ಸಿ ಕೊಡೋಣ ಅಂತ ಮಾತಾಯ್ತು, ಮ್ಯಾಟರ್ ಬರಿಯೋದು ನನ್ನ ತಲೆಗೆ ಬಿತ್ತು. ಕೈಯಲ್ಲಿ ಬರ್ದು ಡಿಟಿಪಿ ಅಂಗಡಿಗೆ ಕೊಟ್ಟೆ. ಅವ್ರು ಇವತ್ತು ಪ್ರೂಫ್ ವಾಟ್ಸಾಪ್ ಮಾಡಿದಾರೆ, ಮೇಲ್ಗಡೆ ಕೆಂಪು ಅಕ್ಷರದಲ್ಲಿ ದಪ್ಪಗೆ "ಭಿನ್ನವತ್ತಳೆ" ಅಂತ ಇದೆ. ನಾನು ಬರ್ದಿದ್ದು ಬ. ಫೋನ್ ಮಾಡಿ ಕೇಳಿದ್ರೆ "ಮೇಡಂ, ಹದ್ನೈದು ವರ್ಷದಿಂದ ಹಿಂಗೇ ಮಾಡ್ಕೊಡ್ತಿದೀವಿ, ಯಾರೂ ವಾಪಸ್ ತಂದಿಲ್ಲ" ಅಂದ್ರು. ಈಗ ನಂಗೇ ಡೌಟು. ಕೆಳಗಿನ ಸಾಲೂ ಒಂದ್ಸಲ ನೋಡಿ, ಇದ್ರಲ್ಲಿ ಕೆಲವು ನನ್ನ ತಪ್ಪು ಕೆಲವು ಅವ್ರದ್ದು, ಯಾವ್ದು ಯಾರ್ದು ಅಂತ ನಾನು ಹೇಳಲ್ಲ, ಮರ್ಯಾದೆ ಪ್ರಶ್ನೆ.

"ಸುಧೀರ್ಘ 34 ವರ್ಷಗಳ ಕಾಲ ನಿಷ್ಟೆ, ಶ್ರದ್ದೆಯಿಂದ ಸೇವೆ ಸಲ್ಲಿಸಿ, ದಿನವೂ ಒಂಬತ್ತು ಘಂಟೆಗೆ ಮೊದಲೇ ಶಾಲೆಯ ಬಾಗಿಲು ತೆರೆದು, ಕಂಚಿನ ಧನಿಯಲ್ಲಿ ಕತೆ ಹೇಳಿ ವಿಧ್ಯಾರ್ಥಿಗಳ ಮನಗೆದ್ದ ತಮಗೆ ಈ ಭಿನ್ನವತ್ತಳೆಯನ್ನು ಅಭಿಮಾನದಿಂದ ಅರ್ಪಿಸುತ್ತೇವೆ."

ನಾಳೆ ಸಂಜೆ ಒಳಗೆ ಓಕೆ ಹೇಳ್ಬೇಕು. ಇನ್ನೊಂದು ವಿಷ್ಯ, ಈ ಮೇಷ್ಟ್ರು ಮಹಾಪ್ರಾಣ ತಪ್ಪಿದ್ರೆ ಬೆರಳ ಗೆಣ್ಣಿಗೆ ಸ್ಕೇಲಲ್ಲಿ ಹೊಡೀತಿದ್ದೋರು. ಸ್ಟೇಜ್ ಮೇಲೆ ನಿಂತು ಓದ್ತಾರೆ, ಗ್ಯಾರಂಟಿ.

ಪಾಣಿನಿಪ್ರಿಯ:
ಬಹಳ ಸುಲಭ ಮೇಡಂ. ಅನುಮಾನ ಬಂದಾಗೆಲ್ಲ ಸಂಸ್ಕೃತ ಮೂಲಕ್ಕೆ ಹೋಗಿ. ಮೂಲದಲ್ಲಿ ಮಹಾಪ್ರಾಣ ಇದ್ರೆ ಕನ್ನಡದಲ್ಲೂ ಹಾಕ್ಬೇಕು, ಇಲ್ಲದಿದ್ರೆ ಹಾಕ್ಬಾರ್ದು. ಹಾಗಾಗಿ ನಿಷ್ಠೆ, ಶ್ರದ್ಧೆ, ವಿದ್ಯಾರ್ಥಿ, ಸುದೀರ್ಘ. ಘಂಟೆ ಸರಿಯಾಗೇ ಇದೆ, ಯಾಕಂದ್ರೆ ಸಂಸ್ಕೃತದಲ್ಲಿ ಘಂಟಾ. ಧನಿ ಕೂಡ ಸರಿ, ಧ್ವನಿಯಿಂದ ಬಂದಿದ್ದು. ಕತೆ ತಪ್ಪು, ಕಥೆ ಆಗ್ಬೇಕು. ಬಿನ್ನವತ್ತಳೆ ಬಗ್ಗೆ ನೋಡಿ ಹೇಳ್ತೀನಿ.

ಎಕ್ಸಾಮ್‌ಯೋಧ:
ತತ್ಸಮ ತದ್ಭವ ಪಟ್ಟಿ ಪಿಡಿಎಫ್ ಯಾರ ಹತ್ರ ಇದೆ? ಪಿಡಿಓ ಎಕ್ಸಾಮ್‌ಗೆ ಬೇಕಿತ್ತು. ಸ್ಕಂದ-ಕಂದ, ವರ್ಣ-ಬಣ್ಣ ಅಷ್ಟು ಬರುತ್ತೆ.

ಪ್ರೂಫ್ ತಾತ:
ಸುಮಾ ಅವ್ರೇ, ಮೊದ್ಲು ನಿಮ್ಮ ಹೆಡ್ಡಿಂಗ್ ಸರಿ ಮಾಡೋಣ, ಬೇರೆದು ಆಮೇಲೆ. ಬಿನ್ನವತ್ತಳೆ, ಬ. ನಾನು ಪ್ರೆಸ್ಸಲ್ಲಿ ಕರಡು ತಿದ್ದಿ ಕಣ್ಣು ಹಾಳು ಮಾಡ್ಕೊಂಡವ್ನು, ಭ ಹಾಕಿದ ಈ ಪದ ಎಷ್ಟು ಸಲ ಹೊಡೆದು ಹಾಕಿದೀನೋ ಲೆಕ್ಕ ಇಲ್ಲ.

ಇದ್ರ ಹಿಂದಿರೋ ಪದ ಬಿನ್ನಹ. ದೊಡ್ಡವ್ರ ಮುಂದೆ ವಿನಯದಿಂದ ಅರಿಕೆ ಮಾಡ್ಕೊಳ್ಳೋದು. ವಿಜ್ಞಾಪನ ಅನ್ನೋದೇ ಕನ್ನಡ ಬಾಯಲ್ಲಿ ಬಿನ್ನಪ, ಬಿನ್ನಹ ಆಯ್ತು. ಹೆಂಗೆ ಅಂತ ಒಂದೊಂದೇ ಅಕ್ಷರ ನೋಡಿ. ಮೊದಲಿನ ವಿ ಹೋಗಿ ಬಿ ಆಯ್ತು, ವನ ಬನ ಆದ ಹಾಗೆ, ವೀಥಿ ಬೀದಿ ಆದ ಹಾಗೆ. ಜ್ಞ ಹೋಗಿ ನ್ನ ಆಯ್ತು, ಸಂಜ್ಞೆ ಸನ್ನೆ ಆದ ಹಾಗೆ, ಯಜ್ಞ ಜನ್ನ ಆದ ಹಾಗೆ. ಕೊನೇ ಪ ಹ ಆಯ್ತು, ಅದು ಹಾಲು ಹಣ್ಣು ಎಲ್ಲದ್ರಲ್ಲೂ ನಡೆದಿರೋ ಕೆಲ್ಸ. ಈಗ ಹೇಳಿ, ವಿಜ್ಞಾಪನದಲ್ಲಿ ಎಲ್ಲಾದ್ರೂ ಭ ಇದ್ಯಾ? ಮೂಲದಲ್ಲೂ ಇಲ್ಲ, ಬದಲಾದ ರೂಪದಲ್ಲೂ ಇಲ್ಲ. ಎಲ್ಲಿಂದ ಬಂತು ಅಂದ್ರೆ ಭಿನ್ನ ಅನ್ನೋ ಇನ್ನೊಂದು ಪದದಿಂದ ಹಾರ್ಕೊಂಡು ಬಂತು. ಭಿನ್ನ ಅಂದ್ರೆ ಬೇರೆ, ಒಡೆದದ್ದು. ದೇವಸ್ಥಾನದಲ್ಲಿ ಮೂರ್ತಿ ಭಿನ್ನ ಆಗಿದೆ ಅಂದ್ರೆ ಏನರ್ಥ ಹೇಳಿ. ಆ ಫ್ರೇಮ್ ಕೊಟ್ರೆ ಮೇಷ್ಟ್ರಿಗೆ ಒಡಕು ಕೊಟ್ಟ ಹಾಗೆ.

ಸುಮಾ_ತಿಪಟೂರು:
ಅಯ್ಯೋ ದೇವ್ರೇ 🙏 ಈಗಲೇ ಅಂಗಡಿಗೆ ಮೆಸೇಜ್ ಹಾಕ್ತೀನಿ. ಬೇರೆದೂ ಹೇಳಿ ತಾತ.

ಶಿಫ್ಟ್ ಕೀ ಸೀನ:
ನಾನೂ ಡಿಟಿಪಿ ಮಾಡೋನು, ಆ ಅಂಗಡಿಯವ್ನಲ್ಲ, ಬೇರೆ ಊರು. ಒಂದ್ ಮಾತು ನಮ್ ಕಡೆದೂ ಕೇಳಿ. ನುಡಿ ಕೀಬೋರ್ಡಲ್ಲಿ ಬ ಇರೋದು b ಮೇಲೆ, ಶಿಫ್ಟ್ ಹಿಡಿದ್ರೆ ಭ. ದ ಇರೋದು d ಮೇಲೆ, ಶಿಫ್ಟ್ ಹಿಡಿದ್ರೆ ಧ. ಗ ಘ ನೂ ಹಂಗೇ. ಅಂದ್ರೆ ನಮ್ಗೆ ಅಲ್ಪಪ್ರಾಣ ಮಹಾಪ್ರಾಣ ಅಂದ್ರೆ ಎಡಗೈ ಕಿರುಬೆರಳು ಒತ್ತಬೇಕಾ ಬೇಡ್ವಾ ಅಷ್ಟೇ. ಕಸ್ಟಮರ್ ಕೈಬರಹ ನೋಡಿದ್ರೆ ಬ ನೋ ಭ ನೋ ಅವ್ರಿಗೇ ಗೊತ್ತಿರಲ್ಲ. ಅನುಮಾನ ಬಂದ್ರೆ ನಾವು ಶಿಫ್ಟ್ ಒತ್ತಿಬಿಡ್ತೀವಿ. ಯಾಕೆ ಗೊತ್ತಾ, ಮಹಾಪ್ರಾಣ ಬಿಟ್ಟು ಹೋದ್ರೆ ಜನ ಬಂದು ಬೈತಾರೆ, "ಓದು ಬರಹ ಬರಲ್ವಾ" ಅಂತಾರೆ. ಜಾಸ್ತಿ ಹಾಕಿದ್ರೆ ಇವತ್ತಿನವರೆಗೂ ಒಬ್ರೂ ಬೈದಿಲ್ಲ. ಸನ್ಮಾನ, ಗೃಹಪ್ರವೇಶ, ಇಂಥ ಗೌರವದ ಮ್ಯಾಟರ್ ಆದ್ರೆ ಕೈ ತಾನಾಗೇ ಶಿಫ್ಟ್ ಕಡೆ ಹೋಗುತ್ತೆ.

ಪ್ರೂಫ್ ತಾತ:
ಸೀನ ಅವ್ರೇ, ನೀವು ಹೇಳಿದ್ದು ನೂರಕ್ಕೆ ನೂರು ನಿಜ. ಮಾತಾಡುವಾಗ ನಮ್ಮಲ್ಲಿ ಹೆಚ್ಚು ಜನ ಮಹಾಪ್ರಾಣ ಹೊರಡಿಸೋದೇ ಇಲ್ಲ. ಬುದ್ಧಿ ಅಂತ ಬರೀತೀವಿ, ಬುದ್ದಿ ಅಂತೀವಿ. ಕಿವಿಗೆ ಕೇಳ್ಸಲ್ಲ ಅಂದ್ಮೇಲೆ ಬರೀವಾಗ ಊಹೆ ಮಾಡ್ಬೇಕು. ಹೆದರಿದವ್ರ ಊಹೆ ಯಾವಾಗ್ಲೂ ಭಾರದ ಅಕ್ಷರದ ಕಡೆಗೇ. ಶುದ್ಧ ಅಚ್ಚಗನ್ನಡದ ಚಳಿಗೂ ಛಳಿ ಅಂತ ಬರಿಯೋರಿದಾರೆ, ಚಳಿ ಜಾಸ್ತಿ ಆಗ್ಲಿ ಅಂತಲೋ ಏನೋ.

ಸುಮಾ ಅವ್ರ ಸುಧೀರ್ಘ, ವಿಧ್ಯಾರ್ಥಿ ಎರಡೂ ಇದೇ ಜಾತಿ. ದೀರ್ಘದಲ್ಲಿ ಘ ಇದೆ, ವಿದ್ಯಾರ್ಥಿಯಲ್ಲಿ ಥ ಇದೆ. ಈ ಪದದಲ್ಲಿ ಎಲ್ಲೋ ಒಂದು ಮಹಾಪ್ರಾಣ ಉಂಟು ಅಂತ ಕೈಗೆ ಗೊತ್ತು, ಎಲ್ಲಿ ಅಂತ ಗೊತ್ತಿಲ್ಲ, ಅದಕ್ಕೆ ಮೊದಲು ಸಿಕ್ಕ ದಕಾರಕ್ಕೇ ಹಾಕ್ಬಿಡುತ್ತೆ. ವಿದ್ಯೆ ಅಂತ ಬಿಡಿಸಿ ನೋಡಿದ್ರೆ ಗೊತ್ತಾಗುತ್ತೆ, ವಿದ್ಯೆಗೆ ಯಾರೂ ಧ ಹಾಕಲ್ಲ.

ಇನ್ನು ಪಾಣಿನಿಪ್ರಿಯ ಅವ್ರ ಮಾತು. ಅರ್ಧ ಒಪ್ತೀನಿ. ಮೂಲ ನೋಡಿ ಅನ್ನೋದು ಪದ ಸಂಸ್ಕೃತದ್ದಾಗಿ ಹಾಗೇ ಉಳಿದಿದ್ರೆ ಮಾತ್ರ ಕೆಲ್ಸ ಮಾಡುತ್ತೆ. ನಿಷ್ಠೆ, ಶ್ರದ್ಧೆ ಹಾಗೆ ಉಳಿದವು, ಕೊನೇ ಆ ಮಾತ್ರ ಎ ಆಗಿದೆ, ಒಳಗಿನ ಅಕ್ಷರ ಒಂದೂ ಅಲ್ಲಾಡಿಲ್ಲ. ಆದ್ರೆ ಧನಿ ಸರಿ ಅಂದ್ರಲ್ಲ, ಅದು ಆಗಲ್ಲ. ಧ್ವನಿ ತದ್ಭವ ಆಗುವಾಗ ವತ್ತು ಬಿದ್ದೋಯ್ತು, ಅದ್ರ ಜೊತೆ ಮಹಾಪ್ರಾಣನೂ ಬಿದ್ದು ದನಿ ಆಯ್ತು. ವತ್ತು ಬಿಟ್ಟು ಮಹಾಪ್ರಾಣ ಇಟ್ಕೊಂಡ್ರೆ ಅದು ಅತ್ಲಾಗೂ ಇಲ್ಲ ಇತ್ಲಾಗೂ ಇಲ್ಲ. ಅಷ್ಟೇ ಆಗಿದ್ರೆ ಹೋಗ್ಲಿ ಅನ್ನಬಹುದಿತ್ತು, ಧನಿ ಅಂತ ಸಂಸ್ಕೃತದಲ್ಲೇ ಬೇರೆ ಪದ ಇದೆ, ಧನ ಇರೋನು, ಸಾಹುಕಾರ. "ಕಂಚಿನ ಧನಿಯಲ್ಲಿ ಕತೆ ಹೇಳಿ" ಅಂದ್ರೆ ಮೇಷ್ಟ್ರು ಕಂಚಿನ ವ್ಯಾಪಾರಿ ಆಗ್ಬಿಡ್ತಾರೆ.

ಗದಗಿನ ಗಾಳಿ:
ಹಹ್ಹಾ ಕಂಚಿನ ವ್ಯಾಪಾರಿ 😂 ಆದ್ರ ತಾತಾರ, ನಿಮ್ ಲೆಕ್ಕಕ್ಕ ನಂದೊಂದ್ ತಕರಾರ್ ಐತ್ರಿ. ತದ್ಭವ ಆದ್ರ ಮಹಾಪ್ರಾಣ ಹೋಗ್ತದ ಅಂದ್ರಿ. ಹಂಗಾರ ಪೊಲೀಸ್ ಠಾಣೆ ಎಲ್ಲಿಂದ ಬಂತ್ರಿ? ಸ್ಥಾನದಿಂದ ಬಂದದ್ದು ಅಂತ ನಮ್ ಮಾಸ್ತರ್ ಹೇಳ್ತಿದ್ರು. ಠ ಹಂಗ ಕುಂತೈತಿ. ಖಾರದ ಪುಡಿ ಖ ನೋಡ್ರಿ. ಕ್ಷಾರ ಹೋಗಿ ಖಾರ ಆಗೇದ, ಮಹಾಪ್ರಾಣ ಹೋಗೋದ್ ಬಿಡ್ರಿ, ಇಲ್ಲದ್ದ ಬಂದೈತಿ!

ಪ್ರೂಫ್ ತಾತ:
ಭೇಷ್. ಇದನ್ನ ಯಾರಾದ್ರೂ ಕೇಳ್ತಾರೆ ಅಂತಲೇ ಕಾಯ್ತಿದ್ದೆ. ಸ್ಥಾನ ಕನ್ನಡಕ್ಕೆ ಎರಡು ದಾರೀಲಿ ಬಂದಿದೆ. ಹಳೇ ದಾರೀಲಿ ಬಂದದ್ದು ತಾಣ. ಬೀಡು ಬಿಟ್ಟ ತಾಣ, ಪ್ರವಾಸಿ ತಾಣ, ಈಗ ಜಾಲತಾಣ. ಅಲ್ಲಿ ಸ ಬಿತ್ತು, ಥ ಹೋಗಿ ತ ಆಯ್ತು, ನ ಹೋಗಿ ಣ ಆಯ್ತು, ಎಲ್ಲ ನಿಯಮದಂತೆ. ಠಾಣೆ ಬಂದಿದ್ದು ಎಷ್ಟೋ ಕಾಲ ಆದ್ಮೇಲೆ, ಮರಾಠಿ ಹಿಂದೂಸ್ತಾನಿ ಕಡೆಯಿಂದ, ಆಡಳಿತದ ಜೊತೆಗೆ. ಆ ಭಾಷೆಗಳಲ್ಲಿ ಮಹಾಪ್ರಾಣ ಬಾಯಲ್ಲೇ ಇದೆ, ಅದಕ್ಕೆ ಅವ್ರು ಕೊಟ್ಟಂಗೇ ನಾವು ಇಸ್ಕೊಂಡ್ವಿ. ನಾನು ಹೇಳಿದ್ದು ನೇರ ಕನ್ನಡದ ಬಾಯಲ್ಲಿ ಸವೆದ ಪದಗಳಿಗೆ. ಬೇರೆ ಮನೇಲಿ ಸವೆದು ನಮ್ಮನೆಗೆ ಬಂದ ಪದಕ್ಕೆ ಆ ಮನೆ ಗುರುತು ಇರುತ್ತೆ.

ಖಾರ ಸ್ವಲ್ಪ ಕಷ್ಟದ್ದು. ಹಳೇ ಮೈಸೂರು ಕಡೆ ಹಳ್ಳಿ ಅಡುಗೆಮನೇಲಿ ಕಾರ ಅಂತಲೇ ಅಂತಾರೆ, ಖಕಾರದ್ದು ಬರವಣಿಗೇಲಿ ಗಟ್ಟಿಯಾಗಿದೆ. ಕಾರ ಅನ್ನೋದು ಕ್ಷಾರದ ತದ್ಭವವೋ, ದ್ರಾವಿಡದ್ದೇ ಬೇರೆ ಪದವೋ ಅಂತ ಬಲ್ಲವರಲ್ಲೇ ಜಗಳ ಇದೆ. ನಾನು ಅದಕ್ಕೆ ಕೈ ಹಾಕಲ್ಲ, ಕಣ್ಣು ಉರಿಯುತ್ತೆ.

ಗದಗಿನ ಗಾಳಿ:
ತಾಣ–ಠಾಣೆ ಅಣ್ಣತಮ್ಮ ಅಂತ ಇವತ್ತ ಗೊತ್ತಾತು ನೋಡ್ರಿ. ನಮ್ಮ ಕಡೆ ಶಾಲೆಗೆ ಸಾಲಿ ಅಂತೀವಿ. ಬೆಂಗಳೂರಿಗೆ ಬಂದ ಹೊಸದಾಗಿ ರೂಮ್‌ಮೇಟ್ಸ್ ಎಲ್ಲಾ ನಕ್ಕಿದ್ರು, ಶ ಬರಲ್ವಾ ಅಂತ. ಅದೂ ಇದ ಜಾತಿನ ಅಲ್ರೀ?

ಪ್ರೂಫ್ ತಾತ:
ಅದೇ ಜಾತಿ. ಶ, ಷ ಎರಡೂ ತದ್ಭವದಲ್ಲಿ ಸ ಆಗ್ತವೆ. ಶಾಲೆ ಸಾಲೆ, ಶ್ರೀ ಸಿರಿ, ಶೂನ್ಯ ಸೊನ್ನೆ, ಶುದ್ಧಿ ಸುದ್ದಿ. ನಕ್ಕವರಿಗೆ ಸೊನ್ನೇನ ಶೊನ್ನೆ ಅಂತ ಬರೀರಿ ಅನ್ನಿ. ಸುದ್ದಿ ಅಂದ ತಕ್ಷಣ ಜ್ಞಾಪಕ ಬಂತು, "ಸುದ್ಧಿ" ಅಂತ ಪೋಸ್ಟರ್‌ಗಳಲ್ಲಿ ಎಷ್ಟು ನೋಡಿಲ್ಲ. ಶ ಸ ಆಗೋವರೆಗೂ ಬಂದು, ಧ ಮಾತ್ರ ಬಿಟ್ಟು ಕೊಡಲ್ಲ ಅಂದ್ರೆ ಹೆಂಗೆ? ಬಂದ್ರೆ ಪೂರ್ತಿ ಬರ್ಬೇಕು, ಇಲ್ಲಾಂದ್ರೆ ಶುದ್ಧಿ ಅಂತ ಅಲ್ಲೇ ಇರ್ಬೇಕು. ನಾನು ಕರಡು ತಿದ್ದುವಾಗ ಹಿಡೀತಿದ್ದ ಉಪಾಯ ಇದೊಂದೇ: ಪದದಲ್ಲಿ ಒಂದು ಅಕ್ಷರ ಕನ್ನಡದ್ದಾಗಿ ಮಿಕ್ಕಿದ್ದು ಸಂಸ್ಕೃತದ್ದಾಗಿ ಕಂಡ್ರೆ ಪೆನ್ಸಿಲ್ ಎತ್ತು.

ಬಳ್ಳಾರಿ ಬಿಸಿಲು:
ವೀಥಿ ಬೀದಿ ಅಂದ್ರಿ. ನಮ್ಮೂರಲ್ಲಿ ರೋಡಿನ ಬೋರ್ಡ್ ಮೇಲೆ "ವೀಧಿ" ಅಂತ ಇರೋದನ್ನ ಚಿಕ್ಕಂದಿನಿಂದ ನೋಡಿದೀನಿ. ಅದೂ ತಪ್ಪಾ?

ಪ್ರೂಫ್ ತಾತ:
ಕನ್ನಡದ ಲೆಕ್ಕಕ್ಕೆ ತಪ್ಪು, ವೀಥಿ ಅಥ್ವಾ ಬೀದಿ. ಆದ್ರೆ ನಿಮ್ಮೂರಲ್ಲಿ ಅದು ಕೈತಪ್ಪಿಂದ ಬಂದದ್ದಲ್ಲ ಅನ್ಸುತ್ತೆ. ತೆಲುಗಿನಲ್ಲಿ ಬೀದಿಗೆ ವೀಧಿ ಅಂತಲೇ ಬರಿಯೋದು, ಧ ಹಾಕಿ. ಗಡಿ ಊರು, ಬೋರ್ಡ್ ಬರೆದವ್ರ ಕೈಗೆ ಎರಡೂ ಲಿಪಿ ಬರ್ತಿದ್ದಿರ್ಬೇಕು.

ಪಾಣಿನಿಪ್ರಿಯ:
ಧನಿ ವಿಷಯ ಒಪ್ಪಿದೆ. ಘಂಟೆಯಲ್ಲಿ ಬಿಡಲ್ಲ. ನಿಮ್ಮ ಮಾತಿನ ಪ್ರಕಾರವೇ ನಿಷ್ಠಾ ನಿಷ್ಠೆ ಆದ ಹಾಗೆ ಘಂಟಾ ಘಂಟೆ. ಕೊನೆ ಮಾತ್ರ ಬದಲಾಗಿದೆ. ಹಾಗಾದ್ರೆ ಘಂಟೆ ಹೇಗೆ ತಪ್ಪು?

ಪ್ರೂಫ್ ತಾತ:
ಘಂಟೆ ತಪ್ಪು ಅಂತ ನಾನು ಎಲ್ಲೂ ಹೇಳ್ಲಿಲ್ಲ ಸ್ವಾಮಿ 🙂 ನೀವು ಹೇಳಿದ್ದು ಸರಿಯಾಗೇ ಇದೆ. ಗುಡಿಯ ಘಂಟೆ ಅಂತ ಬರೀಬಹುದು, ಗಂಟೆ ಅಂತಲೂ ಬರೀಬಹುದು. ಘಂಟಾನಾದ ಅಂತ ಸಂಸ್ಕೃತದ ಜೊತೆ ಸೇರಿಸಿದ್ರೆ ಘ ಬೇಕೇ ಬೇಕು, ಗಂಟಾನಾದ ಅಂದ್ರೆ ಆಭಾಸ. ಆದ್ರೆ ಒಂಬತ್ತು ಗಂಟೆ, ಹತ್ತು ಗಂಟೆ ಅಂತ ಹೊತ್ತು ಹೇಳೋವಾಗ ಕನ್ನಡಿಗರು ಗಂಟೇನೇ ಇಟ್ಕೊಂಡಿದಾರೆ. ಬೆಲ್ ಹೊಡೆದು ಹೊತ್ತು ತಿಳಿಸ್ತಿದ್ರು, ಆ ಅರ್ಥ ಬೆಳೆದದ್ದು ಹಾಗೆ. ಜಾತ್ರೆ, ಯಾತ್ರೆ ನೋಡಿ, ಎರಡೂ ಯಾತ್ರಾ ಅನ್ನೋದೇ. ಕಾಶಿಗೆ ಹೋದ್ರೆ ಯಾತ್ರೆ, ಊರ ತೇರಿಗೆ ಜಾತ್ರೆ. ಕಾಶಿ ಜಾತ್ರೆಗೆ ಹೋಗ್ಬಂದೆ ಅಂದ್ರೆ ಬೇರೆ ಅರ್ಥ. ಹಾಗೇ ಸಂಧ್ಯೆ ಅಂದ್ರೆ ಅರ್ಘ್ಯ ಬಿಡೋರ ಹೊತ್ತು, ಸಂಜೆ ಅಂದ್ರೆ ಬೋಂಡ ತಿನ್ನೋರ ಹೊತ್ತು. ಜೋಡಿ ಎರಡೂ ಬದುಕಿದ್ರೆ ಕೆಲ್ಸ ಹಂಚ್ಕೊಂಡಿರುತ್ತವೆ.

ಎಕ್ಸಾಮ್‌ಯೋಧ:
ಸರ್ ಒಂದು ನಿಮಿಷ. ನಮ್ಮ ಕೋಚಿಂಗ್ ನೋಟ್ಸಲ್ಲಿ ಮಾಲಾ–ಮಾಲೆ, ಸೀತಾ–ಸೀತೆ ಎಲ್ಲ ತದ್ಭವ ಅಂತ ಕೊಟ್ಟಿದಾರೆ. ನೀವು ನಿಷ್ಠೆ ಶ್ರದ್ಧೆ ಹಾಗೇ ಉಳಿದವು ಅಂತೀರಿ. ಎಕ್ಸಾಮಲ್ಲಿ ಯಾವ್ದಕ್ಕೆ ಟಿಕ್ ಹಾಕ್ಲಿ?

ಪ್ರೂಫ್ ತಾತ:
ಎಕ್ಸಾಮಲ್ಲಿ ನೋಟ್ಸ್ ಹೇಳಿದ್ದಕ್ಕೆ ಹಾಕಪ್ಪ. ಕೊನೇ ಸ್ವರ ಬದಲಾದ್ರೂ ತದ್ಭವದ ಪೈಕಿ ಸೇರಿಸೋ ವ್ಯಾಕರಣ ಪುಸ್ತಕ ಇವೆ, ತಪ್ಪೇನಿಲ್ಲ, ಅದು ಹೆಸರಿಡೋ ವಿಚಾರ. ಕಾಗುಣಿತಕ್ಕೆ ಬೇಕಾದ್ದು ಇಷ್ಟೇ, ಬದಲಾದದ್ದು ಬಾಲ ಮಾತ್ರವೋ ಮೈ ಪೂರ್ತಿಯೋ. ಬಾಲ ಮಾತ್ರ ಆದ್ರೆ ಒಳಗಿನ ಠ, ಧ, ಶ ಎಲ್ಲ ಇದ್ದಲ್ಲೇ ಇರುತ್ತೆ. ಮೈ ಬದಲಾದ್ರೆ ಎಲ್ಲ ಹೋಗುತ್ತೆ.

ಸಿದ್ದು ಮಂಡ್ಯ:
ನಂದೊಂದ್ ಗೋಳು ಕೇಳಿ ಯಜಮಾನ್ರೆ, ಇದೇ ಮಹಾಪ್ರಾಣದ್ದು. ನನ್ ಹೆಸ್ರು ಮಾರ್ಕ್ಸ್ ಕಾರ್ಡಲ್ಲಿ ಸಿದ್ದಲಿಂಗ, ಅಪ್ಪ ತೀರ್ಕೊಂಡ್ಮೇಲೆ ಪಹಣಿ ನನ್ ಹೆಸ್ರಿಗೆ ಮಾಡ್ಸಕೆ ಹೋದಾಗ ಅಲ್ಲಿ ಕೂತಿದ್ದೋರು ಸಿದ್ಧಲಿಂಗ ಅಂತ ಹೊಡುದ್ರು, ಕೇಳುದ್ರೆ ಅದೇ ಶುದ್ಧವಾದ್ದು ಅಂದ್ರು. ಇಂಗ್ಲಿಷಲ್ಲಿ ಎರಡೂ Siddalinga ನೇ, ಅದುಕ್ಕೆ ಆಗ ತಲೆ ಕೆಡುಸ್ಕಳ್ಲಿಲ್ಲ. ಆಮೇಲೆ ಸೊಸೈಟಿಲಿ ಸಾಲ ಕೇಳಕೆ ಹೋದ್ರೆ ಕನ್ನಡ ಹೆಸ್ರು ಹೊಂದಲ್ಲ, ಎರಡೂ ಒಬ್ರೇ ಅಂತ ಅಫಿಡವಿಟ್ ತಕಂಬನ್ನಿ ಅಂದ್ರು. ಒಂದು ದ ಕೆಳಗೆ ಒಂದು ಸೀಳು, ಅದುಕ್ಕೆ ನೋಟರಿ! ನಂದು ಸಿದ್ದ ನಾ ಸಿದ್ಧ ನಾ?

ಪ್ರೂಫ್ ತಾತ:
ನಿಮ್ಮಪ್ಪ ಇಟ್ಟದ್ದೇ ನಿಮ್ಮ ಹೆಸರು. ಸಿದ್ಧ ಸಂಸ್ಕೃತದ್ದು, ಸಿದ್ದ ಅದ್ರ ತದ್ಭವ, ಸಿದ್ದಪ್ಪ ಸಿದ್ದಮ್ಮ ಎಲ್ಲ ತದ್ಭವದಲ್ಲೇ ತಲೆತಲಾಂತರದಿಂದ ನಡೆದು ಬಂದ ಹೆಸರು. ಸಿದ್ದಲಿಂಗನ್ನ ತಿದ್ದಿ ಸಿದ್ಧಲಿಂಗ ಮಾಡೋದು "ಶುದ್ಧ" ಮಾಡಿದ ಹಾಗೆ ಅಂತ ಅವ್ರು ತಿಳ್ಕೊಂಡ್ರು, ಆದ್ರೆ ಹೆಸರು ತಪ್ಪು ಪದ ಅಲ್ವಲ್ಲ ತಿದ್ದೋಕೆ. ಬೊಮ್ಮಣ್ಣ ಅಂತ ಇದ್ರೆ ಬ್ರಹ್ಮಣ್ಣ ಅಂತ ಟೈಪ್ ಮಾಡ್ತಾರಾ? ದಾಖಲೆಗೆ ಮಾರ್ಕ್ಸ್ ಕಾರ್ಡಲ್ಲಿ ಇರೋದನ್ನೇ ಹಿಡ್ಕೊಂಡು ಪಹಣೀಲಿ ತಿದ್ದುಪಡಿಗೆ ಅರ್ಜಿ ಹಾಕಿ, ಅಫಿಡವಿಟ್ ಒಂದರಲ್ಲೇ ನಿಲ್ಬೇಡಿ, ಮುಂದಿನ ಸಲ ಮತ್ತೆ ಕೇಳ್ತಾರೆ.

ಎಲ್ಲರನುಡಿ:
ಇಶ್ಟೆಲ್ಲ ತಲೆನೋವು ಯಾಕೆ? ಬಾಯಲ್ಲಿ ಇಲ್ಲದ ಅಕ್ಶರ ಬರಹದಲ್ಲಿ ಯಾಕೆ ಬೇಕು? ಬಾಶಾ ವಿದ್ವಾಂಸ ಶಂಕರ ಬಟ್ಟರು ಇದನ್ನೇ ಹೇಳಿದ್ದು, ತಮ್ಮ ಹೆಸರಿನ ಭಟ್ ಅನ್ನೂ ಅಲ್ಪಪ್ರಾಣದ ಬ ದಿಂದಲೇ ಶುರು ಮಾಡಿ ಬಟ್ ಅಂತ ಬರೆದುಕೊಂಡರು. ನಾನು ಹತ್ತು ವರುಶದಿಂದ ಹೀಗೇ ಬರೆಯುತ್ತಿದ್ದೇನೆ, ಒಬ್ಬರಿಗೂ ಅರ್ತ ಆಗದೆ ಹೋಗಿಲ್ಲ. ಬಿನ್ನವತ್ತಳೆ, ದನಿ, ವಿದ್ಯಾರ್ತಿ, ಸುದೀರ್ಗ. ಮುಗೀತು ಕತೆ. ಸಿದ್ದು ಅವರ ನೋಟರಿ ದುಡ್ಡೂ ಉಳೀತಿತ್ತು.

ಪಾಣಿನಿಪ್ರಿಯ:
ಮದ್ಯಪಾನ, ಮಧ್ಯಂತರ ಎರಡೂ ಒಂದೇ ದ ದಲ್ಲಿ ಬರೆದು ನೋಡಿ. ಇಂಟರ್ವೆಲ್ಲಲ್ಲಿ ಬಾರ್ ಓಪನ್ ಆಗುತ್ತೆ.

ಎಲ್ಲರನುಡಿ:
ಮಾತಾಡುವಾಗ ಎರಡನ್ನೂ ಒಂದೇ ತರ ಹೇಳ್ತೀರಲ್ಲ, ಆಗ ಯಾವ ಬಾರೂ ಓಪನ್ ಆಗಲ್ಲವಲ್ಲ?

ಪ್ರೂಫ್ ತಾತ:
ಈ ಜಗಳ ನಾನು ಸಾಯೋದ್ರೊಳಗೆ ತೀರಲ್ಲ, ಎಲ್ಲರನುಡಿಯವ್ರ ಮಾತಲ್ಲಿ ಹುರುಳಿಲ್ಲ ಅಂತಲೂ ನಾನು ಹೇಳಲ್ಲ. ಆದ್ರೆ ಸುಮಾ ಅವ್ರ ಮೇಷ್ಟ್ರು ಸ್ಕೇಲ್ ಹಿಡ್ಕೊಂಡಿದ್ದೋರು. ಅವ್ರಿಗೆ ಸುದೀರ್ಗ ಅಂತ ಕೊಟ್ರೆ ಏನಾಗುತ್ತೆ ಯೋಚ್ನೆ ಮಾಡಿ.

ಇನ್ನೊಂದು ಉಳಿದಿದೆ, ಕತೆ. ಪಾಣಿನಿಪ್ರಿಯ ತಪ್ಪು ಅಂದ್ರು. ತಪ್ಪಲ್ಲ. ಕಥಾ ಬಾಲ ಬದಲಾಯಿಸ್ಕೊಂಡು ಕಥೆ, ಪೂರ್ತಿ ಬದಲಾಗಿ ಕತೆ. ಎರಡೂ ಚಲಾವಣೇಲಿವೆ, ನಿಮ್ಮಿಷ್ಟ. ಎಡವೋದು ಜೋಡಿಸುವಾಗ. ಕಥಾಸಂಕಲನ ಅಂತ ಆಗ್ಬೇಕಾದ್ದನ್ನ ಕತಾಸಂಕಲನ ಅಂತ ಬರೆದ್ರೆ, ಕತೆ ಕನ್ನಡದ್ದು, ಅದ್ರ ಕೊನೇಲಿರೋ ಆ ಮಾತ್ರ ಸಂಸ್ಕೃತದ್ದು. ಕತೆ ಇಟ್ಕೋಬೇಕು ಅಂತ ಆಸೆ ಇದ್ರೆ ಕತೆಗಳ ಸಂಕಲನ ಅನ್ನಿ, ಯಾರೂ ಕೇಳಲ್ಲ. ಕೇಶಿರಾಜ 13ನೇ ಶತಮಾನದಲ್ಲೇ ಶಬ್ದಮಣಿದರ್ಪಣದಲ್ಲಿ ಸಂಸ್ಕೃತ ಪದಕ್ಕೆ ಕನ್ನಡ ಪದ ಗಂಟು ಹಾಕೋದನ್ನ ಅರಿಸಮಾಸ ಅಂತ ಕರ್ದು ದೂರ ಇಡು ಅಂದಿದ್ದ. ಅರಿ ಅಂದ್ರೆ ಶತ್ರು. ಬಳಕೇಲಿ ಬೇರೂರಿದ್ದಕ್ಕೆ ಅವನೇ ವಿನಾಯಿತಿ ಕೊಟ್ಟಿದ್ದ ಅನ್ನೋದು ಬೇರೆ ಮಾತು.

ಶಿಫ್ಟ್ ಕೀ ಸೀನ:
ಹಂಗಾದ್ರೆ ಸಿರಿಧಾನ್ಯ? ಸಿರಿ ತದ್ಭವ ಅಂದ್ರಿ, ಧಾನ್ಯ ಸಂಸ್ಕೃತ. ಮೇಳದ ಬ್ಯಾನರ್ ಎಷ್ಟು ಮಾಡಿದೀನಿ ನಾನು. ಅರ್ಧ ಜನ ಸಿರಿದಾನ್ಯ ಅಂತ ಬರ್ಕೊಂಡು ಬರ್ತಾರೆ, ಒಬ್ರು ಶಿರಿಧಾನ್ಯ ಅಂತ ತಂದಿದ್ರು.

ಪ್ರೂಫ್ ತಾತ:
ಹಳೇ ಕಾಯ್ದೆ ಪ್ರಕಾರ ಅದು ಅರಿಸಮಾಸವೇ. ಆದ್ರೆ ಕಿರುಧಾನ್ಯ ಅಂತ ಕೀಳಾಗಿ ಕಂಡಿದ್ದ ನವಣೆ ಸಾಮೆಗೆ ಸಿರಿ ಅಂತ ಮರ್ಯಾದೆ ಕೊಟ್ಟ ಪದ ಅದು, ನಂಗೆ ಇಷ್ಟ, ನಾನು ಹೊಡೆದು ಹಾಕಲ್ಲ. ಧಾನ್ಯಕ್ಕೆ ಧ ಇಡಿ, ಸಿರಿಗೆ ಸ ಇಡಿ, ಅವೆರಡೂ ಅವರವರ ಜಾಗದಲ್ಲಿ ಪೂರ್ತಿಯಾಗಿ ಇದ್ರೆ ಸಾಕು.

ಪಾಣಿನಿಪ್ರಿಯ:
ಇಷ್ಟ ಆದ್ರೆ ಅರಿಸಮಾಸ ಮಾಫಿ, ಇಷ್ಟ ಇಲ್ಲದಿದ್ರೆ ಪೆನ್ಸಿಲ್. ಚೆನ್ನಾಗಿದೆ ತಾತನ ನ್ಯಾಯ.

ಪ್ರೂಫ್ ತಾತ:
ಹೌದು ಸ್ವಾಮಿ, ಕರಡು ತಿದ್ದೋರ ನ್ಯಾಯ ಅಷ್ಟೇ.

ಕುಂದಾಪ್ರ ಕಡ್ಲು:
ಲೇಟಾಯ್ತ್, ಒಂದ್ ಕೇಂತೆ. ಧಣಿ ಅಂದ್ ಬರುದಾ ದಣಿ ಅಂದ್ ಬರುದಾ? ನಮ್ಮ ಕಡಿ ಒಡೆಯರಿಗೆ ಧಣಿಗಳೇ ಅಂದ್ ಕಾಗ್ದ ಬರೀತಿದ್ರ್ ಅಜ್ಜಯ್ಯ. ಮೇಲೆ ಹೇಳ್ದ ಧನಿಯಿಂದ್ಲೇ ಬಂದದ್ದಾದ್ರೆ ಣ ಆಯಿ ಬದ್ಲಾಯ್ತಲ್ದಾ, ಹಂಗಾರೆ ಮಹಾಪ್ರಾಣನೂ ಹ್ವಾಪುದೇ ಅಲ್ದಾ?

ಪ್ರೂಫ್ ತಾತ:
ನನ್ನ ಪೆನ್ಸಿಲ್ ಪ್ರಕಾರ ದಣಿ. ಆದ್ರೆ ಕೊಂಕಣಿ ಮರಾಠಿ ಕಡೆಯೂ ಒಡೆಯನಿಗೆ ಇದೇ ಪದ ಮಹಾಪ್ರಾಣದ ಜೊತೆ ಇದೆ, ನಿಮ್ಮ ಕರಾವಳಿಗೆ ಅದು ಠಾಣೆ ಬಂದ ದಾರೀಲಿ ಬಂದಿರಬಹುದು. ಭತ್ತ, ಬತ್ತದ್ದೂ ಹಿಂಗೇ, ನಾನು ಬತ್ತ ಅಂತ ತಿದ್ತಿದ್ದೆ, ಸಂಪಾದಕರು ವಾಪಸ್ ಭತ್ತ ಮಾಡ್ತಿದ್ರು, ಕೊನೆಗೆ ನಾನು ಸುಮ್ಮನಾದೆ. ನಿಘಂಟು ಇದ್ದೋರು ಕಿಟೆಲ್ ತೆಗೆದು ನೋಡಿ. 1894ರ ಪುಸ್ತಕ, ತದ್ಭವ ಇದ್ದಲ್ಲಿ Tbh. ಅಂತ ಗುರುತು ಹಾಕಿ ಪಕ್ಕದಲ್ಲೇ ಮೂಲ ಕೊಟ್ಟಿರ್ತಾರೆ. ಅವ್ರು ಕೊಟ್ಟ ಮೂಲ ಎಲ್ಲ ಸರಿ ಅಂತಲ್ಲ, ಆದ್ರೆ ಹುಡುಕೋಕೆ ಒಂದು ತುದಿ ಸಿಗುತ್ತೆ.

ಸುಮಾ_ತಿಪಟೂರು:
ಎಲ್ರಿಗೂ ತುಂಬಾ ಥ್ಯಾಂಕ್ಸ್. ಸುದೀರ್ಘ, ನಿಷ್ಠೆ, ಶ್ರದ್ಧೆ, ಗಂಟೆ, ದನಿ, ವಿದ್ಯಾರ್ಥಿ, ಬಿನ್ನವತ್ತಳೆ ಎಲ್ಲ ಕೆಂಪು ಪೆನ್ನಲ್ಲಿ ಬರ್ದು ಅಂಗಡಿಗೆ ಕಳ್ಸಿದೆ. ಕತೆ ಹಂಗೇ ಬಿಟ್ಟೆ, ಮೇಷ್ಟ್ರು ಕತೆ ಅಂತಲೇ ಅಂತಿದ್ರು. ಈಗಷ್ಟೇ ಹೊಸ ಪ್ರೂಫ್ ಬಂತು. ಹೆಡ್ಡಿಂಗಲ್ಲಿ ಬಿನ್ನವತ್ತಳೆ ಚೆನ್ನಾಗಿ ಬಂದಿದೆ, ಖುಷಿಯಾಯ್ತು. ಕೊನೇ ಸಾಲು ಓದಿದೆ.

"ಈ ಬಿನ್ನವತ್ತಳೆಯನ್ನು ಅಬಿಮಾನದಿಂದ ಅರ್ಪಿಸುತ್ತೇವೆ."

ಅಭಿಮಾನ ಸರಿಯಾಗೇ ಇತ್ತಲ್ಲ ಮೊದ್ಲು!! 😭

ಶಿಫ್ಟ್ ಕೀ ಸೀನ:
ಮೇಡಂ ಅದು ಭಿ ಹುಡುಕಿ ಬಿ ಹಾಕು ಅಂತ ರಿಪ್ಲೇಸ್ ಆಲ್ ಕೊಟ್ಟಿದಾರೆ. ಭಿ ಇರೋ ಕಡೆಯೆಲ್ಲ ಬಿ ಆಗಿರುತ್ತೆ. ಕೆಳಗೆ ಸಹಿ ಹಾಕೋ ಜಾಗದಲ್ಲಿ "ಅಭಿಮಾನಿ ಹಳೆಯ ವಿದ್ಯಾರ್ಥಿಗಳು" ಅಂತೇನಾದ್ರೂ ಇದ್ಯಾ? ಅದನ್ನೂ ನೋಡ್ಬಿಡಿ.

ಸುಮಾ_ತಿಪಟೂರು:
ಇದೆ. ಅದೂ ಹೋಗಿದೆ.